21 × 21 ಹೊಂಡ, ಆಳ 3 ಮೀಟರ್: 1,300 ಮರಿ ಬಿಟ್ಟರೆ ಜಾಸ್ತಿ ಆಗುತ್ತಾ?

ಹೊಂಡದಂಚು

ಎಲ್ಲರಿಗೂ ನಮಸ್ಕಾರ. ನಮ್ಮ ಜಮೀನಿನಲ್ಲಿ ಒಂದು ಕೃಷಿ ಹೊಂಡ ಇದೆ. ಮೇಲ್ಗಡೆ 21 ಮೀಟರ್ ಉದ್ದ, 21 ಮೀಟರ್ ಅಗಲ, ಆಳ 3 ಮೀಟರ್. ಜೇಡಿಮಣ್ಣು, ನೀರು ಚೆನ್ನಾಗಿ ನಿಲ್ಲುತ್ತೆ. ಪ್ಲಾಸ್ಟಿಕ್ ಹಾಳೆ ಹಾಕಿಲ್ಲ. ತೋಟಕ್ಕೆ ಇದರಿಂದಲೇ ನೀರು ಎತ್ತುತ್ತೇವೆ. ಈ ಸಲ ಕಾಟ್ಲಾ, ರೋಹು, ಮೃಗಾಲ್ ಮರಿ ಬಿಡೋಣ ಅಂತ ಯೋಚನೆ.

ಪರಿಚಯದವರೊಬ್ಬರು "ಒಂದು ಘನ ಮೀಟರ್ ನೀರಿಗೆ ಒಂದು ಮೀನು" ಅಂದರು. ನಾನು ಲೆಕ್ಕ ಹಾಕಿದೆ: 21 × 21 = 441 ಚದರ ಮೀಟರ್. ಅದಕ್ಕೆ 3 ಮೀಟರ್ ಆಳ ಗುಣಿಸಿದರೆ 1,323 ಘನ ಮೀಟರ್. ಅಂದರೆ 1,300 ಮರಿ. ಆದರೆ ಪಕ್ಕದ ಹೊಲದವರು ಅಷ್ಟೇ ದೊಡ್ಡ ಹೊಂಡಕ್ಕೆ 400 ಮರಿ ಬಿಟ್ಟಿದ್ದಾರೆ. ಇಷ್ಟೊಂದು ವ್ಯತ್ಯಾಸ ಯಾಕೆ? ಯಾರ ಲೆಕ್ಕ ಸರಿ?

ಏರಿಮೇಲೆ

ಪಕ್ಕದವರದೇ ಸರಿ. ಘನ ಮೀಟರ್ ಅನ್ನೋದನ್ನೇ ಮರೆತುಬಿಡಿ. ಮೀನಿಗೆ ಬೇಕಾದ ಗಾಳಿ ನೀರಿನ ಮೇಲ್ಮೈಯಿಂದ ಒಳಗೆ ಹೋಗುತ್ತೆ, ತಳದಿಂದ ಬರೋದಿಲ್ಲ. ಹತ್ತು ಮೀಟರ್ ಆಳ ತೋಡಿದರೂ ಒಂದು ಮೀನೂ ಜಾಸ್ತಿ ಬಿಡೋಕೆ ಆಗಲ್ಲ. ಚದರ ಮೀಟರಿಗೆ ಒಂದು ಮರಿ, ಅಷ್ಟೇ. ಆಳದ ಲೆಕ್ಕ ಸುಮ್ನೆ ತಲೆನೋವು.

ಟ್ಯಾಂಕ್‌ಮನೆ

ಒಂದು ಘನ ಮೀಟರಿಗೆ ಒಂದೇ ಮೀನಾ? ಅದು ತುಂಬಾ ಕಡಿಮೆ ಅಲ್ವಾ! ನಾನು ಬಯೋಫ್ಲಾಕ್ ಟ್ಯಾಂಕಿನಲ್ಲಿ ಘನ ಮೀಟರಿಗೆ 50 ತಿಲಾಪಿಯಾ ಸಾಕ್ತಾ ಇದ್ದೀನಿ. ಆರಾಮಾಗಿ ಬೆಳೀತಿವೆ. ನಿಮ್ಮ ಹೊಂಡಕ್ಕೆ ಸಾವಿರಗಟ್ಟಲೆ ಬಿಡಬಹುದು.

ಬಲೆಗಂಟು

ಟ್ಯಾಂಕ್‌ಮನೆಯವರೇ, ನಿಮ್ಮ ಟ್ಯಾಂಕಿಗೆ ಹಗಲೂ ರಾತ್ರಿ ಗಾಳಿ ಊದುತ್ತಿರುತ್ತೆ. ಕರೆಂಟ್ ಹೋದರೆ ನೀವು ಎದ್ದು ಓಡುತ್ತೀರಿ. ಇವರ ಹೊಂಡಕ್ಕೆ ಬ್ಲೋಯರ್ ಇಲ್ಲ, ಕಾವಲಿಗೆ ಜನ ಇಲ್ಲ. ನಿಮ್ಮ 50ನ್ನು ಇಲ್ಲಿಗೆ ತಂದರೆ ಎರಡು ತಿಂಗಳಲ್ಲಿ ಎಲ್ಲ ಮೀನೂ ಬೆಳ್ಳಗೆ ಮೇಲೆ ತೇಲುತ್ತೆ.

ಹೊಂಡದಂಚು ಅವರೇ, ಮೊದಲು ನಿಮ್ಮ 1,323 ನೋಡೋಣ. ನಿಮ್ಮ ಹೊಂಡ ಪೆಟ್ಟಿಗೆಯ ಹಾಗೆ ನೆಟ್ಟಗೆ ಇಳಿದಿದೆಯಾ? ಇಲ್ಲ ಅಂದುಕೊಂಡಿದ್ದೀನಿ. ಬದಿಗಳು ಇಳಿಜಾರಾಗಿ ಇರುತ್ತವೆ, ಇಲ್ಲದಿದ್ದರೆ ಮಣ್ಣು ಕುಸಿದು ಬೀಳುತ್ತೆ. ತಳದ ಅಳತೆ ಎಷ್ಟು? ಬೇಸಿಗೆಯಲ್ಲಿ ನೀರು ಎಲ್ಲಿಗೆ ಇಳಿಯುತ್ತೆ? ಈ ಎರಡು ಗೊತ್ತಾಗದೆ ಮರಿ ಲೆಕ್ಕ ಹಾಕೋಕೆ ಹೋಗಬೇಡಿ.

ಹೊಂಡದಂಚು

ಹೌದು ಸರ್, ಇಳಿಜಾರಿದೆ. ಒಂದು ಮೀಟರ್ ಇಳಿದರೆ ಒಂದೂವರೆ ಮೀಟರ್ ಒಳಗೆ ಬರುವ ಹಾಗೆ ತೋಡಿಸಿದ್ದು. ತಳ 12 × 12. ನೀರು ದಂಡೆವರೆಗೂ ತುಂಬುವುದಿಲ್ಲ, ಅರ್ಧ ಮೀಟರ್ ಕೆಳಗೆ ತೂಬಿದೆ, ಅಲ್ಲಿಂದ ಹೊರಗೆ ಹೋಗುತ್ತೆ. ಹೋದ ಬೇಸಿಗೆಯಲ್ಲಿ ತೋಟಕ್ಕೆ ಎತ್ತಿ ಎತ್ತಿ ಕಡೆಗೆ ಒಂದೂವರೆ ಮೀಟರ್ ಉಳಿದಿತ್ತು. ಬದಿಯ ಕಲ್ಲಿನ ಮೇಲೆ ಗೆರೆ ಇನ್ನೂ ಕಾಣುತ್ತೆ.

ಬಲೆಗಂಟು

ಒಳ್ಳೇದು, ಬೇಕಾದ್ದೆಲ್ಲ ಹೇಳಿದ್ದೀರಿ. ಇಳಿಜಾರು ಹೊಂಡಕ್ಕೆ ನಾನು ಬಳಸುವ ಲೆಕ್ಕ ಹೀಗಿದೆ. ನೀರಿನ ಮೇಲ್ಮೈ ವಿಸ್ತೀರ್ಣ, ಆಳದ ಸರಿಯಾಗಿ ಅರ್ಧದಲ್ಲಿರುವ ವಿಸ್ತೀರ್ಣದ ನಾಲ್ಕು ಪಟ್ಟು, ತಳದ ವಿಸ್ತೀರ್ಣ. ಈ ಮೂರನ್ನೂ ಕೂಡಿಸಿ. ಬಂದದ್ದನ್ನು ಆಳದಿಂದ ಗುಣಿಸಿ, 6ರಿಂದ ಭಾಗಿಸಿ.

ಹೊಂಡ ದಂಡೆವರೆಗೆ ತುಂಬಿದೆ ಅಂತಲೇ ಇಟ್ಟುಕೊಳ್ಳೋಣ. ಮೇಲೆ 441. ನಡುವೆ ಬದಿ 16.5 ಮೀಟರ್, ಅಂದರೆ ಸುಮಾರು 272. ತಳ 144. ಲೆಕ್ಕ ಮಾಡಿದರೆ 837 ಘನ ಮೀಟರ್ ಬರುತ್ತೆ. ನಿಮ್ಮ 1,323ರಲ್ಲಿ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಪಾಲು ನೀರೇ ಅಲ್ಲ. ಅಷ್ಟೂ ಮಣ್ಣು!

ತೂಬಿನ ಮಟ್ಟಕ್ಕೆ, ಅಂದರೆ ಎರಡೂವರೆ ಮೀಟರ್ ನೀರು ನಿಂತಾಗ, ಮೇಲ್ಮೈ 19.5 × 19.5 ಆಗುತ್ತೆ. ಆಗ ಇರುವುದು 632 ಘನ ಮೀಟರ್. ಬೇಸಿಗೆಯ ಗೆರೆಗೆ, ಒಂದೂವರೆ ಮೀಟರಿಗೆ, ಇಳಿದಾಗ 307. ಮಳೆಗಾಲದಲ್ಲಿ ಇದ್ದ ನೀರಿನ ಅರ್ಧವೂ ಇರುವುದಿಲ್ಲ. ಆಳ ಇಳಿದದ್ದು ಒಂದೇ ಮೀಟರ್, ನೀರು ಹೋದದ್ದು ಅರ್ಧಕ್ಕಿಂತ ಜಾಸ್ತಿ. ಅಗಲವಾದ ಭಾಗ ಮೇಲಿರುತ್ತೆ, ಮೊದಲು ಖಾಲಿ ಆಗುವುದೂ ಅದೇ.

ಈಗ ಇನ್ನೊಂದು ಯೋಚಿಸಿ. ಮರಿ ಬಿಡುವಾಗ ನೀರು ಜಾಸ್ತಿ, ಮೀನು ಚಿಕ್ಕದು. ಬೇಸಿಗೆ ಬರುವಷ್ಟರಲ್ಲಿ ನೀರು ಅರ್ಧ, ಮೀನು ದೊಡ್ಡದು. ಮರಿ ಬಿಡುವ ದಿನದ ನೀರಿಗೆ ಲೆಕ್ಕ ಹಾಕಿದವರೆಲ್ಲ ಬೇಸಿಗೆಯಲ್ಲಿ ಸಿಕ್ಕಿಹಾಕಿಕೊಳ್ಳುತ್ತಾರೆ.

ಹೊಂಡದಂಚು

ಅಂದರೆ 307 ಘನ ಮೀಟರಿಗೆ 307 ಮೀನಾ ಸರ್?

ಬಲೆಗಂಟು

ಅಷ್ಟು ಬೇಗ ಮುಗಿಸಬೇಡಿ. ಘನ ಮೀಟರಿಗೆ ಒಂದು ಅಂದರೆ ಎಷ್ಟು ತೂಕದ ಮೀನು? 50 ಗ್ರಾಂ ಮೀನೂ ಒಂದೇ, ಒಂದು ಕಿಲೋ ಮೀನೂ ಒಂದೇ ಆಗೋಕೆ ಆಗುತ್ತಾ? ಎಣಿಕೆಗಿಂತ ತೂಕ ನೋಡಬೇಕು.

ಗಾಳಿ ಊದುವ ಯಂತ್ರ ಇಲ್ಲದೆ, ಮೇವು ಹಾಕಿ ಸಾಕುವ ಹೊಂಡದಲ್ಲಿ ಬೇಸಿಗೆಯ ನೀರಿನ ಘನ ಮೀಟರಿಗೆ 300ರಿಂದ 400 ಗ್ರಾಂ ಮೀನಿನಲ್ಲಿ ನಾನು ನಿಲ್ಲಿಸುತ್ತೇನೆ. ಅರ್ಧ ಕಿಲೋ ಮುಟ್ಟಿದರೆ ಬೆಳಿಗ್ಗೆ ಬೇಗ ಎದ್ದು ಹೊಂಡ ನೋಡಲು ಶುರು ಮಾಡುತ್ತೇನೆ. ನಿಮ್ಮ 307ಕ್ಕೆ 400 ಗ್ರಾಂ ಹಿಡಿದರೆ ಸುಮಾರು 123 ಕಿಲೋ. ಅರ್ಧ ಕಿಲೋ ಮೀನು ಬೇಕು ಅಂದರೆ 246 ಮೀನು.

ಇದು ಬದುಕಿ ಉಳಿದ ಮೀನಿನ ಲೆಕ್ಕ. 8-10 ಸೆಂಟಿಮೀಟರ್ ಬೆಳೆದ ಬಲಿತ ಮರಿ ಬಿಟ್ಟರೆ ನೂರಕ್ಕೆ 75 ಉಳಿಯುತ್ತೆ ಅಂದುಕೊಳ್ಳಿ. 246ನ್ನು 0.75ರಿಂದ ಭಾಗಿಸಿದರೆ 328. ಅಂದರೆ 330 ಮರಿ. ಎರಡು ಸೆಂಟಿಮೀಟರಿನ ಸಣ್ಣ ಮರಿ ತಂದರೆ ಈ ಲೆಕ್ಕ ಹಿಡಿಯಬೇಡಿ. ಅದರಲ್ಲಿ ಅರ್ಧವೂ ಉಳಿಯದೇ ಹೋಗಬಹುದು. ಕಪ್ಪೆ, ಹಾವು, ನೀರುಕಾಗೆ ಎಲ್ಲಕ್ಕೂ ಅದು ಬಾಯಿಗೆ ಸರಿಹೋಗುವ ಗಾತ್ರ.

ಏರಿಮೇಲೆ

ನೋಡಿ, ಸುತ್ತಿ ಬಳಸಿ ಅಲ್ಲಿಗೇ ಬಂದಿರಿ! ನಿಮ್ಮದು 330. ನನ್ನ ಪ್ರಕಾರ ತೂಬಿನ ಮಟ್ಟದ ಮೇಲ್ಮೈ 380 ಚದರ ಮೀಟರ್, ಚದರ ಮೀಟರಿಗೆ ಒಂದು, 380 ಮರಿ. ಇಷ್ಟಕ್ಕೆ ಅಷ್ಟುದ್ದ ಲೆಕ್ಕ ಬೇಕಿತ್ತಾ?

ಬಲೆಗಂಟು

ಇವರ ಹೊಂಡದಲ್ಲಿ ಹತ್ತಿರ ಬಂತು, ನಿಜ. ಹೆಕ್ಟೇರಿಗೆ 5,000ದಿಂದ 10,000 ಮರಿ ಅನ್ನೋ ಶಿಫಾರಸು ನೀವು ಹೇಳುವ ಚದರ ಮೀಟರ್ ಲೆಕ್ಕವೇ. ಆದರೆ ಅದು ವರ್ಷವಿಡೀ ಒಂದೂವರೆ, ಎರಡು ಮೀಟರ್ ನೀರು ನಿಲ್ಲುವ ಕೊಳಕ್ಕೆ. ಬೇಸಿಗೆಯಲ್ಲಿ ಅರ್ಧ ಮೀಟರಿಗೆ ಇಳಿಯುವ ಹೊಂಡಕ್ಕೂ ಅದೇ "ಚದರ ಮೀಟರಿಗೆ ಒಂದು" ಹಿಡಿದರೆ ಏನಾಗುತ್ತೆ?

ನನಗೆ ಇನ್ನೊಂದು ಅನುಮಾನವೂ ಇದೆ. "ಚದರ ಮೀಟರಿಗೆ ಒಂದು" ಅನ್ನೋದೇ ಬಾಯಿಂದ ಬಾಯಿಗೆ ಹೋಗುವಾಗ "ಘನ ಮೀಟರಿಗೆ ಒಂದು" ಆಗಿರಬೇಕು. ಎರಡು ಮೀಟರ್ ಆಳದ ನೀರಿನಲ್ಲಿ ಚದರ ಮೀಟರಿಗೆ ಒಂದು ಅಂದರೆ ಘನ ಮೀಟರಿಗೆ ಅರ್ಧ ಮೀನು. ಒಂದು ಪದ ಬದಲಾದ ಕೂಡಲೇ ಮರಿ ದುಪ್ಪಟ್ಟಾಯಿತು.

ಆದರೆ ನೀವು ಮೇಲ್ಮೈ ಬಗ್ಗೆ ಹೇಳಿದ್ದರಲ್ಲಿ ಹುರುಳಿದೆ. ಹೊಂಡಕ್ಕೆ ಆಮ್ಲಜನಕ ಬರುವುದು ಗಾಳಿಯಿಂದ ಮಾತ್ರ ಅಲ್ಲ, ಅದಕ್ಕಿಂತ ಜಾಸ್ತಿ ನೀರಿನ ಹಸಿರು ಪಾಚಿಯಿಂದ. ಅದೂ ಬಿಸಿಲು ಮುಟ್ಟುವ ಮೇಲಿನ ಪದರದಲ್ಲೇ. ನಿಂತ ನೀರಿನಲ್ಲಿ ಎರಡು ಮೀಟರಿನಿಂದ ಕೆಳಗೆ ತಣ್ಣಗೆ, ಕತ್ತಲೆ, ಗಾಳಿ ಕಡಿಮೆ. ಹಾಗಾಗಿ ಆಳ ಎಷ್ಟೇ ಇರಲಿ, ಮರಿಯ ಲೆಕ್ಕಕ್ಕೆ ಎರಡು ಮೀಟರ್ ಮಾತ್ರ ಹಿಡಿಯಿರಿ ಅಂತಲೇ ನಾನೂ ಹೇಳುವುದು. ಅದರ ಕೆಳಗಿನ ನೀರು ಬೇಸಿಗೆಗೆ ಉಳಿತಾಯದ ನೀರು. ಆ ಉಳಿತಾಯವೇ ಬೇಡ ಅಂದರೆ ಒಪ್ಪಲ್ಲ.

ನೀರುನೆರಳು

ಇದನ್ನು ಓದಿ ಹೊಟ್ಟೆ ಉರೀತಿದೆ. ಯಾಕಂದರೆ ನನಗೆ ಇದೆಲ್ಲ ಆಗಿಹೋಗಿದೆ. ಎರಡು ವರ್ಷದ ಹಿಂದೆ ನಾನು ತುಂಬಿದ ಹೊಂಡ ನೋಡಿ 600 ಮರಿ ಬಿಟ್ಟೆ. ಚೆನ್ನಾಗಿ ಬೆಳೆದವು. ಬೇಸಿಗೆ ಮುಗಿಯುತ್ತಾ ಬಂದಾಗ ನೀರು ನಿಂತದ್ದು 14 ಮೀಟರ್ ಉದ್ದ, 10 ಮೀಟರ್ ಅಗಲ. ಆಳ ಸರಾಸರಿ ಒಂದು ಮೀಟರ್ ಇತ್ತೋ ಏನೋ. ಎರಡು ದಿನ ಮೋಡ ಮುಚ್ಚಿ ಬಿಸಿಲೇ ಬರಲಿಲ್ಲ. ಮೂರನೇ ದಿನ ಬೆಳಿಗ್ಗೆ ಹೋಗಿ ನೋಡಿದರೆ ನೀರಿನ ತುಂಬಾ ಮೀನು ತೇಲುತ್ತಿತ್ತು. 420 ಎಣಿಸಿದೆವು. ಒಂದೊಂದು ಸರಾಸರಿ 350 ಗ್ರಾಂ.

ಯಾರೋ ಹೊಟ್ಟೆಕಿಚ್ಚಿಗೆ ವಿಷ ಹಾಕಿದ್ದಾರೆ ಅಂತ ಮನೆಯಲ್ಲಿ ದೊಡ್ಡ ಜಗಳ ಆಯಿತು. ಇವತ್ತಿಗೂ ನಮ್ಮ ಮಾವ ಅದನ್ನೇ ನಂಬಿದ್ದಾರೆ.

ಬಲೆಗಂಟು

ಅಕ್ಕಾ, ಒಂದು ವಿಷಯ ಕೇಳ್ತೀನಿ. ಅವತ್ತು ಬದುಕಿ ಉಳಿದವು ಇದ್ದವಾ? ಇದ್ದರೆ ಚಿಕ್ಕವೋ ದೊಡ್ಡವೋ?

ನೀರುನೆರಳು

ಇದ್ದವು. ಎಲ್ಲ ಚಿಕ್ಕವು. ಬೆಳೆಯದೆ ಕುಂಟಿದಂತಿದ್ದವು ಒಂದು 50 ಉಳಿದವು. ಸತ್ತವೆಲ್ಲ ಬಾಯಿ ತೆರೆದುಕೊಂಡೇ ಸತ್ತಿದ್ದವು. ಅದಕ್ಕಿಂತ ಎರಡು ಮೂರು ದಿನ ಮುಂಚಿನಿಂದ ಬೆಳಕು ಹರಿಯುವ ಹೊತ್ತಿಗೆ ಮೇಲೆ ಬಂದು ಬಾಯಿ ಬಡಿಯುತ್ತಿದ್ದವು. ಹಸಿವಾಗಿದೆ ಅಂತ ನಾನು ಇನ್ನಷ್ಟು ಹಿಂಡಿ, ತೌಡು ಹಾಕಿದೆ.

ಬಲೆಗಂಟು

ಹಾಗಾದರೆ ಉಸಿರು ಸಾಲದೆ ಸತ್ತವು ಅಂತಲೇ ನನ್ನ ಅಂದಾಜು. ಆಮ್ಲಜನಕ ಕಡಿಮೆಯಾದರೆ ದೊಡ್ಡ ಮೀನು ಮೊದಲು ಹೋಗುತ್ತೆ. ಚಿಕ್ಕವು ನೀರಿನ ಮೇಲಿನ ತೆಳು ಪದರದಲ್ಲಿ ಹೇಗೋ ಉಸಿರಾಡಿಕೊಂಡು ಇರುತ್ತವೆ. ವಿಷವಾಗಿದ್ದರೆ ಚಿಕ್ಕವನ್ನು ಹೀಗೆ ಬಿಟ್ಟುಬಿಡುವುದು ಅಪರೂಪ, ಹೊತ್ತನ್ನೂ ನೋಡುವುದಿಲ್ಲ. ನಿಮ್ಮವು ಬೆಳಗಿನ ಜಾವ ಸತ್ತವು. ಪಾಚಿ ಹಗಲು ಆಮ್ಲಜನಕ ಕೊಡುತ್ತೆ, ರಾತ್ರಿ ಅದೂ ಉಸಿರಾಡುತ್ತೆ. ಸೂರ್ಯ ಹುಟ್ಟುವ ಮುಂಚೆ ಹೊಂಡದಲ್ಲಿ ಆಮ್ಲಜನಕ ಅತಿ ಕಡಿಮೆ. ಮೋಡ ಇದ್ದರೆ ಹಗಲಿನ ಗಳಿಕೆಯೂ ಇಲ್ಲ.

ತೂಕ ಲೆಕ್ಕ ಹಾಕಿ: 420 × 350 ಗ್ರಾಂ = 147 ಕಿಲೋ. ನೀರು 140 ಘನ ಮೀಟರ್. ಘನ ಮೀಟರಿಗೆ ಒಂದು ಕಿಲೋ ದಾಟಿತ್ತು. ಅದರ ಮೇಲೆ ಹಾಕಿದ ಹಿಂಡಿ ತಳದಲ್ಲಿ ಕೊಳೆತು ಉಳಿದ ಆಮ್ಲಜನಕವನ್ನೂ ತಿಂದಿತು. ನಿಮ್ಮ ಮಾವನವರಿಗೆ ಇದನ್ನು ಹೇಳಿ, ಒಪ್ಪುತ್ತಾರೋ ಬಿಡುತ್ತಾರೋ ಗೊತ್ತಿಲ್ಲ.

ಬಾಯಿ ಬಡಿಯುವುದು ಕಂಡ ದಿನವೇ ಮೇವು ಪೂರ್ತಿ ನಿಲ್ಲಿಸಬೇಕು. ಪಂಪಿನಿಂದ ಹೊಂಡದ ನೀರನ್ನೇ ಎತ್ತಿ, ಪೈಪ್ ಬಾಯಿ ಒತ್ತಿ ಹಿಡಿದು ಮೇಲಿನಿಂದ ಚಿಮ್ಮಿಸಬೇಕು. ರಾತ್ರಿ 2ರಿಂದ ಬೆಳಕಾಗುವವರೆಗೆ. ಅದಾದ ಮೇಲೆ ಬಲೆ ಹಾಕಿ ದೊಡ್ಡ ಮೀನು ತೆಗೆಯಬೇಕು. ಮೀನು ಒಂಬತ್ತು ಗಂಟೆ ಬಿಸಿಲಿಗೆ ತಾನಾಗಿ ಕೆಳಗೆ ಇಳಿಯಿತು ಅಂತ ಸುಮ್ನೆ ಕೂರಬಾರದು.

ಹಾಳೆಹೊಂಡ

ನಮ್ಮದು ಪ್ಲಾಸ್ಟಿಕ್ ಹಾಳೆ ಹಾಕಿದ ಹೊಂಡ. ನೀರು ಕನ್ನಡಿ ಹಾಗೆ ತಿಳಿಯಾಗಿದೆ, ತಳದ ನಾಣ್ಯ ಕಾಣುತ್ತೆ. ಇಂಥ ಶುದ್ಧ ನೀರಲ್ಲಿ ಇನ್ನೂ ಜಾಸ್ತಿ ಮೀನು ಬಿಡಬಹುದಲ್ವಾ?

ಏರಿಮೇಲೆ

ಕುಡಿಯೋಕೆ ಒಳ್ಳೆ ನೀರು, ಮೀನಿಗೆ ಬರಗಾಲ!

ಬಲೆಗಂಟು

ಏರಿಮೇಲೆ ಹೇಳಿದ್ದು ನಗೆಮಾತಾದರೂ ನಿಜ. ತಿಳಿ ನೀರಿನಲ್ಲಿ ಪಾಚಿ ಇಲ್ಲ. ಪಾಚಿ ಇಲ್ಲದಿದ್ದರೆ ಕಾಟ್ಲಾಗೆ ಊಟ ಇಲ್ಲ, ಹಗಲು ಆಮ್ಲಜನಕವೂ ಕಡಿಮೆ. ಕೈಯನ್ನು ಮೊಣಕೈವರೆಗೆ ನೀರಿಗೆ ಇಳಿಸಿ. ಅಂಗೈ ಮಸುಕಾಗಿ, ಕಂಡೂ ಕಾಣದ ಹಾಗೆ ಹಸಿರು ಇದ್ದರೆ ಸರಿ. ಮಣಿಕಟ್ಟಿಗೇ ಮಾಯವಾದರೆ ಪಾಚಿ ಅತಿಯಾಗಿದೆ. ಹಾಳೆ ಹೊಂಡದಲ್ಲಿ ಕೆಸರೂ ಇಲ್ಲ, ಹಾಗಾಗಿ ತಳದಲ್ಲಿ ಮೇಯುವ ಮೃಗಾಲ್ ಮತ್ತು ಸಾಮಾನ್ಯ ಗೆಂಡೆಯನ್ನು ಕಡಿಮೆ ಮಾಡಿ. ನಿಮ್ಮದು ಬೇರೆಯೇ ವಿಷಯ, ಇನ್ನೊಂದು ಕಡೆ ಬರೆಯಿರಿ, ಅಲ್ಲಿ ಮಾತಾಡೋಣ.

ಹೊಂಡದಂಚು

ಇವತ್ತು ಬೆಳಿಗ್ಗೆ ಸ್ವತಃ ಅಳೆದು ಬಂದೆ. ತೆಪ್ಪ ಕಟ್ಟಿಕೊಂಡು ಹೋಗಿ, ಬಿದಿರು ಗಳಕ್ಕೆ ಹತ್ತು ಸೆಂಟಿಮೀಟರಿಗೊಂದು ಗುರುತು ಮಾಡಿ ಒಂಬತ್ತು ಕಡೆ ಇಳಿಸಿದೆ. ತಮಾಷೆ ಏನು ಗೊತ್ತಾ? ನೀರು ತೂಬಿನ ಮಟ್ಟಕ್ಕೇ ಇದೆ. ನಡುವೆ ಎರಡೂವರೆ ಮೀಟರ್ ಬರಬೇಕಿತ್ತು, ಬಂದದ್ದು 2.2. ಗಳ ಎತ್ತಿದಾಗ ತುದಿಗೆ ಕೆಸರು ಮೆತ್ತಿಕೊಂಡಿತ್ತು. 30 ಸೆಂಟಿಮೀಟರ್ ಹೂಳು ಕೂತುಬಿಟ್ಟಿದೆ!

ನಿಮ್ಮ ವಿಧಾನದಲ್ಲೇ ಮತ್ತೆ ಲೆಕ್ಕ ಹಾಕಿದೆ. ಹೂಳಿನ ಮೇಲೆ ತಳ ಈಗ 12.9 ಮೀಟರ್ ಅಗಲ. ನೀರು 632 ಅಲ್ಲ, 585. ಬರೀ 47 ಘನ ಮೀಟರ್ ಹೋಯಿತು, ಪರವಾಗಿಲ್ಲ ಅನ್ನಿಸಿತು. ಸರಿನಾ?

ಬಲೆಗಂಟು

585 ಸರಿ, ಪರವಾಗಿಲ್ಲ ಅನ್ನೋದು ತಪ್ಪು. ಆ 47 ಹೋದದ್ದು ತಳದಿಂದ. ಬೇಸಿಗೆಯಲ್ಲೂ ಅದೇ 47 ಹೋಗುತ್ತೆ. ಈಗ 632ರಲ್ಲಿ 47 ಅಂದರೆ ನೂರಕ್ಕೆ ಏಳು. ಬೇಸಿಗೆಯಲ್ಲಿ 307ರಲ್ಲಿ 47 ಅಂದರೆ ನೂರಕ್ಕೆ ಹದಿನೈದು. ಉಳಿಯುವುದು 260. ಕಲ್ಲಿನ ಮೇಲಿನ ಗೆರೆ ಅಲ್ಲೇ ಇರುತ್ತೆ, ಕೆಳಗಿನ ನೀರು ಮಾತ್ರ ತೆಳ್ಳಗಾಗಿರುತ್ತೆ.

ಹಾಗಾಗಿ 260 × 0.4, ಅಂದರೆ 104 ಕಿಲೋ. ಅರ್ಧ ಕಿಲೋದ ಮೀನು ಸುಮಾರು 208. ಮರಿ 280 ಸಾಕು. ಇದು ಯಾವ ತಂಟೆಯೂ ಬೇಡ ಅನ್ನುವವರ ಲೆಕ್ಕ.

ಹೊಂಡದಂಚು

ಇನ್ನೂ ಸ್ವಲ್ಪ ಜಾಸ್ತಿ ಬಿಡೋಕೆ ದಾರಿ ಇಲ್ವಾ ಸರ್? ನೀರು ಪೂರ್ತಿ ಇಳಿಯೋದು ಕಡೆಯ ಎರಡು ತಿಂಗಳು ಮಾತ್ರ. ಅಲ್ಲಿಯವರೆಗೆ ಅಷ್ಟು ನೀರು ಸುಮ್ನೆ ಖಾಲಿ ಇರುತ್ತಲ್ಲ.

ಬಲೆಗಂಟು

ದಾರಿ ಇದೆ, ಆದರೆ ಕೆಲಸ ಕೇಳುತ್ತೆ. 350 ಬಿಡಿ. 75 ಪಾಲು ಉಳಿದರೆ ಸುಮಾರು 262 ಮೀನು. ಬೇಸಿಗೆಗೆ ಅರ್ಧ ಕಿಲೋ ಆದರೆ 131 ಕಿಲೋ, 260 ಘನ ಮೀಟರಿಗೆ ಅದು ಸರಿಯಾಗಿ ಗಡಿಯಲ್ಲಿ ಕೂರುತ್ತೆ. ಅಲ್ಲಿಗೆ ಬಿಡಬಾರದು. ಗೆರೆ ಎರಡು ಮೀಟರಿಗೆ ಇಳಿದ ಕೂಡಲೇ ಬಲೆ ಹಾಕಿ ದೊಡ್ಡವನ್ನು 80 ತೆಗೆಯಿರಿ. ಉಳಿದ 180 ಚಿಲ್ಲರೆ ಮೀನು ಸುಮಾರು 90 ಕಿಲೋ, ಆರಾಮಾಗಿ ಕಡೆಯವರೆಗೆ ಬರುತ್ತವೆ.

ಆದರೆ ನೂರಕ್ಕೆ 75 ಉಳಿಯುತ್ತೆ ಅನ್ನೋದು ಅಂದಾಜು ಅಷ್ಟೇ. 90 ಉಳಿದರೆ 315 ಮೀನು ಇರುತ್ತೆ, ನಿಮಗೆ ಗೊತ್ತೇ ಆಗಿರುವುದಿಲ್ಲ. ತಿಂಗಳಿಗೊಮ್ಮೆ ಬೀಸುಬಲೆ ಎಸೆದು ಹದಿನೈದು ಇಪ್ಪತ್ತು ಮೀನು ತೂಗಿ ನೋಡಿ. ಎರಡು ತಿಂಗಳು ತೂಕ ಏರದೆ ನಿಂತಿದೆ, ಮೇವು ಮಾತ್ರ ಖಾಲಿ ಆಗುತ್ತಿದೆ ಅಂದರೆ ನೀವು ಅಂದುಕೊಂಡದ್ದಕ್ಕಿಂತ ಮೀನು ಜಾಸ್ತಿ ಇರಬಹುದು.

ನೀರುನೆರಳು

ಪಂಪಿನ ಫುಟ್ ವಾಲ್ವಿಗೆ ಬಲೆ ಸುತ್ತಿ ಅಣ್ಣ. ನನ್ನ ಮರಿ ಎಷ್ಟೋ ತೋಟದ ಕಾಲುವೆಯಲ್ಲಿ ಸಿಕ್ಕಿದ್ದವು.

ಏರಿಮೇಲೆ

350ಕ್ಕೂ ನನ್ನ 380ಕ್ಕೂ 30 ಮರಿ ಅಂತರ. ನಾನು ಈಗಲೂ ಹೇಳ್ತೀನಿ, ಮೇಲ್ಮೈ ಅಳೆದು ಸುಮ್ನೆ ಬಿಟ್ಟಿದ್ದರೂ ಇದೇ ಆಗ್ತಿತ್ತು.

ಬಲೆಗಂಟು

ಬೇಸಿಗೆಯ ಮೇಲ್ಮೈ ಅಳೆದಿದ್ದರೆ 272 ಬರುತ್ತಿತ್ತು, 380 ಅಲ್ಲ. ನೀವು ಯಾವ ತಿಂಗಳ ಮೇಲ್ಮೈ ಅಳೆಯುತ್ತೀರಿ ಅನ್ನೋದೇ ನನ್ನ ಜಗಳ.

ಏರಿಮೇಲೆ

ಸರಿ ಸರಿ. ಮುಂದಿನ ಬೇಸಿಗೆಗೆ ಅವರೇ ಬಂದು ಎಷ್ಟು ಹಿಡಿದರು ಅಂತ ಹೇಳಲಿ, ಆಗ ನೋಡೋಣ.

ಹೊಂಡದಂಚು

350ಕ್ಕೇ ಹೇಳಿಟ್ಟಿದ್ದೀನಿ. ಕಾಟ್ಲಾ 140, ರೋಹು 105, ಮೃಗಾಲ್ 105. ಬಿದಿರು ಗಳವನ್ನು ಹೊಂಡದ ನಡುವೆಯೇ ನೆಟ್ಟು ಬಂದೆ. ಎರಡು ಮೀಟರಿನ ಗೆರೆಗೆ ಕೆಂಪು ಬಣ್ಣ ಬಳಿದಿದ್ದೀನಿ. ಅದು ಹಳೇ ತಳದಿಂದ ಎರಡು ಮೀಟರಾ, ಹೂಳಿನ ಮೇಲಿಂದ ಎರಡು ಮೀಟರಾ ಅಂತ ಬಳಿದ ಮೇಲೆ ಅನುಮಾನ ಬಂತು ಸರ್.

ಬಲೆಗಂಟು

ನಾನು ಹೇಳಿದ್ದು ಹಳೇ ತಳದಿಂದ, ನಿಮ್ಮ ಕಲ್ಲಿನ ಗೆರೆಯ ಲೆಕ್ಕದಲ್ಲಿ. ಗಳವನ್ನು ಹೂಳಿನ ಮೇಲೆ ನಿಲ್ಲಿಸಿ ಬಳಿದಿದ್ದರೆ 30 ಸೆಂಟಿಮೀಟರ್ ಕೆಳಗೆ ಇನ್ನೊಂದು ಗೆರೆ ಎಳೆಯಿರಿ. ಹಳೇದನ್ನು ಅಳಿಸಬೇಡಿ. ನೀರು ಕೆಂಪು ಗೆರೆಗೆ ಬಂದಾಗ ಬಲೆಯವರಿಗೆ ಹೇಳಿಕಳಿಸಿದರೆ, ಕೆಳಗಿನ ಗೆರೆಗೆ ಬರುವಷ್ಟರಲ್ಲಿ ಅವರು ಬಂದಿರುತ್ತಾರೆ.